ಬೆಳಕಿನ ಪಾಠವನ್ನು ಕಿವಿಯಿಂದ ಕಲಿತದ್ದು

ಹುಟ್ಟಿನಿಂದಲೇ ಕಣ್ಣು ಕಾಣದ ವಿದ್ಯಾರ್ಥಿಗೆ ಬೆಳಕಿನ ಪಾಠವನ್ನು ಹೇಗೆ ಕಲಿಸಬೇಕು ಎಂಬ ಪ್ರಶ್ನೆಗೆ ನಮ್ಮ ಕಡೆಯ ಶಾಲೆಗಳಲ್ಲಿ ಬಹುಕಾಲ ಒಂದೇ ಉತ್ತರವಿತ್ತು: ಕಲಿಸುವುದು ಬೇಡ. ಇದು ಕಠೋರತೆಯಿಂದ ಹುಟ್ಟಿದ ಉತ್ತರವಲ್ಲ, ಕನಿಕರದಿಂದ ಹುಟ್ಟಿದ್ದು. 1995ರ ಅಂಗವಿಕಲರ ಕಾಯಿದೆಯು ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿಯೇ ಸೇರಿಸಿಕೊಳ್ಳಲು ಉತ್ತೇಜನ ಕೊಡಬೇಕೆಂದು ಹೇಳಿತು. ಅದೇ ಕಾಯಿದೆಯು ಅಂಧ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಪರೀಕ್ಷೆಗಳಿಂದ ಕೇವಲ ಗಣಿತಸ್ವರೂಪದ ಪ್ರಶ್ನೆಗಳನ್ನು ತೆಗೆದುಹಾಕಬೇಕೆಂದೂ ಹೇಳಿತು. ಒಂದು ಕೈಯಿಂದ ಬಾಗಿಲು ತೆರೆದು ಇನ್ನೊಂದು ಕೈಯಿಂದ ಕಿಟಕಿ ಮುಚ್ಚಿದಂತಾಯಿತು. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿಯೂ ವಿಜ್ಞಾನದ ಬದಲು ರಾಜ್ಯಶಾಸ್ತ್ರವನ್ನೋ ಸಂಗೀತವನ್ನೋ ಆಯ್ದುಕೊಳ್ಳುವ ಸೌಲಭ್ಯ ಇಂಥ ಮಕ್ಕಳಿಗೆ ಇದೆ. ಅದು ಬೇಕಾದವರಿಗೆ ಇರಲೇಬೇಕು. ಆದರೆ ಮಗುವನ್ನು ಕೇಳದೆಯೇ ದೊಡ್ಡವರು ಅದನ್ನು ಆಯ್ದುಬಿಡುವುದೇ ಹೆಚ್ಚು.

ಅದರಲ್ಲಿಯೂ ನಮ್ಮ ಗದಗ ಸೀಮೆಯಲ್ಲಿ ಕಣ್ಣಿಲ್ಲದ ಮಗುವೆಂದರೆ ಎಲ್ಲರ ಬಾಯಲ್ಲಿ ಮೊದಲು ಬರುವ ಮಾತು ಸಂಗೀತ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು, ಇಬ್ಬರೂ ಸ್ವತಃ ಅಂಧರಾಗಿದ್ದು, ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರೆಂಬುದು ನಿಮಗೆಲ್ಲ ಗೊತ್ತು. ಹೀಗಾಗಿ 2007ರ ಜೂನ್ ತಿಂಗಳಲ್ಲಿ ಮುಂಡರಗಿಯ ಸಮೀಪದ ನಮ್ಮ ಪ್ರೌಢಶಾಲೆಗೆ ಅಂಧ ಹುಡುಗನೊಬ್ಬನು ಎಂಟನೆಯ ತರಗತಿಗೆ ಬಂದು ಕುಳಿತಾಗ, ಊರಿನವರು ಅವನ ತಂದೆಗೆ ಕೊಟ್ಟ ಸಲಹೆ ಒಂದೇ: ‘ಗದಗಿಗೆ ಬಿಡು.’ ಹುಡುಗನಿಗೆ ಸಂಗೀತದ ಕಿವಿಯೂ ಇತ್ತು. ಅವನ ಸೋದರಮಾವ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದನು. ಹುಡುಗನು ಚಿಕ್ಕಂದಿನಿಂದ ಆ ಪೇಟಿಯ ಮಗ್ಗುಲಲ್ಲಿಯೇ ಬೆಳೆದವನು. ಆದರೆ ಅವನಿಗೆ ಹಾಡುವುದಕ್ಕಿಂತ ಪೇಟಿಯನ್ನು ಬಿಚ್ಚಿ ನೋಡುವುದರಲ್ಲಿ ಹೆಚ್ಚು ಆಸಕ್ತಿ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಸಹಪಾಠಿಗಳಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೆಸರು ಬೇಕಾಗಿಲ್ಲ.

ಒಂಬತ್ತನೆಯ ತರಗತಿ ಮುಗಿಯುವುದರೊಳಗೆ ವಿಜ್ಞಾನವೋ ಬದಲಿ ವಿಷಯವೋ ಎಂಬುದು ತೀರ್ಮಾನವಾಗಬೇಕಾಗಿತ್ತು. ತಂದೆ ಒಕ್ಕಲಿಗರು, ಮಾತು ಕಡಿಮೆ. ಒಂದು ದಿನ ಶಾಲೆಗೆ ಬಂದು, ‘ಮಾಸ್ತರ್ರ, ಬಾಯಿಪಾಠ ಮಾಡಿ ಪಾಸಾಗೂದ ಬ್ಯಾರೆ. ಅವಗ ತಿಳೀತೈತೇನ್ರಿ? ತಿಳೀದಿದ್ರ ಸುಮ್ನ ಯಾಕ ಕಷ್ಟ ಕೊಡೂದು?’ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ಮುಂದಿದ್ದದ್ದು ಬೆಳಕಿನ ಪ್ರತಿಫಲನದ ಪಾಠ. ಅದನ್ನು ಅವನು ತಿಳಿದುಕೊಂಡರೆ ಉಳಿದದ್ದಕ್ಕೆ ಹೆದರಬೇಕಾಗಿಲ್ಲ, ಇದನ್ನೇ ನೋಡಿ ನಿರ್ಧರಿಸೋಣ ಎಂದು ನಾನು ಹೇಳಿದೆ.

ಮೊದಲು ಚಿತ್ರದ ಮಾತು. ವಿಜ್ಞಾನ ಶಿಕ್ಷಕನ ಅರ್ಧ ಪಾಠ ಕರಿಹಲಗೆಯ ಮೇಲೆ ಇರುತ್ತದೆ. ಉಳಿದರ್ಧ ‘ಇಲ್ಲಿ ನೋಡಿ, ಇದು ಹೀಗೆ ಬಂದು ಹೀಗೆ ಹೋಗುತ್ತದೆ’ ಎಂಬ ಮಾತಿನಲ್ಲಿ ಇರುತ್ತದೆ. ಆ ‘ಹೀಗೆ’ ಎಂಬ ಪದವನ್ನು ಬಿಟ್ಟು ಒಂದು ಪಾಠ ಮಾಡಿ ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ‘ಕನ್ನಡಿಯ ನಡುಬಿಂದುವಿನಿಂದ ನಮ್ಮ ಕಡೆಗೆ ನೆಟ್ಟಗೆ ಎದ್ದ ಗೆರೆ ಲಂಬ; ಎಡಗಡೆಯಿಂದ ಬರುವ ಕಿರಣ ಈ ಲಂಬದಿಂದ 40 ಡಿಗ್ರಿ ದೂರವಿದೆ’ ಎಂದು ಬಾಯಲ್ಲಿ ಪೂರ್ತಿ ಹೇಳಬೇಕು. ಹಾಗೆ ಹೇಳತೊಡಗಿದ ಮೇಲೆ ಹಿಂದಿನ ಬೆಂಚಿನವರಿಗೂ ಪಾಠ ಹತ್ತಿತು ಎಂಬುದು ಬೇರೆ ಮಾತು.

ಬೆರಳಿಗೆ ಸಿಗುವ ಚಿತ್ರಗಳನ್ನು ಎರಡು ಬಗೆಯಲ್ಲಿ ಮಾಡಿಕೊಂಡೆವು. ಸಿಂಪಿಗರು ಬಟ್ಟೆಯ ಮೇಲೆ ಗುರುತು ಹಾಕಲು ಉರುಳಿಸುವ ಹಲ್ಲಿನ ಗಾಲಿ ಇರುತ್ತದೆಯಲ್ಲ, ಅದನ್ನು ದಪ್ಪ ಹಾಳೆಯ ಮೇಲೆ ಉರುಳಿಸಿದರೆ ಹಿಂಬದಿಯಲ್ಲಿ ಸಾಲುಸಾಲು ಚುಕ್ಕೆಗಳು ಏಳುತ್ತವೆ. ಉಬ್ಬು ಹಿಂಬದಿಯಲ್ಲಿ ಬರುವುದರಿಂದ ಚಿತ್ರವನ್ನು ಎಡಬಲ ತಿರುಗಿಸಿಯೇ ಬರೆಯಬೇಕು. ಇನ್ನೊಂದು ಬಗೆಯನ್ನು ಹುಡುಗನೇ ಬರೆಯಲೆಂದು ಮಾಡಿದ್ದು: ಮರದ ಹಲಗೆಗೆ ಸೊಳ್ಳೆಯ ತಂತಿಜಾಲರಿಯನ್ನು ಬಿಗಿದು ಮೊಳೆ ಹೊಡೆದು, ಅದರ ಮೇಲೆ ಹಾಳೆ ಇಟ್ಟು, ಮೇಣದ ಬಣ್ಣದ ಕಡ್ಡಿಯಿಂದ ಒತ್ತಿ ಗೆರೆ ಎಳೆಯುವುದು. ಬರೆದ ಬದಿಯಲ್ಲಿಯೇ ಒರಟಾದ ಗೆರೆ ಬೆರಳಿಗೆ ಸಿಗುತ್ತದೆ, ತಿರುಗಿಸುವ ತೊಂದರೆಯಿಲ್ಲ.

ಪಠ್ಯಪುಸ್ತಕದ ಚಿತ್ರವನ್ನು ಇದ್ದಂತೆಯೇ ಉಬ್ಬಿಸಿ ಕೊಟ್ಟರೆ ಪ್ರಯೋಜನವಾಗುವುದಿಲ್ಲ. ಕಣ್ಣು ಚಿತ್ರವನ್ನು ಒಮ್ಮೆಗೇ ನೋಡುತ್ತದೆ. ಬೆರಳು ಒಂದೊಂದು ತುಣುಕನ್ನು ಮುಟ್ಟಿ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತದೆ. ಬ್ರೈಲ್ ಅಕ್ಷರದ ಒಂದು ಚುಕ್ಕೆಗೂ ಇನ್ನೊಂದಕ್ಕೂ ಸುಮಾರು ಎರಡೂವರೆ ಮಿಲಿಮೀಟರ್ ಅಂತರವಿರುತ್ತದೆ. ಅದಕ್ಕಿಂತ ಹತ್ತಿರ ಎರಡು ಗೆರೆಗಳು ಬಂದರೆ ಬೆರಳಿಗೆ ಅವು ಕಲೆತುಹೋಗುತ್ತವೆ. ಬಾಣದ ಗುರುತು ಬರಿಯ ಗಂಟಿನಂತೆ ಸಿಗುತ್ತದೆ. ಆದ್ದರಿಂದ ಚಿತ್ರವನ್ನು ಅಂಗೈಯಗಲಕ್ಕಿಂತ ದೊಡ್ಡದಾಗಿ ಬರೆದು, ಕನ್ನಡಿಗೆ ರಟ್ಟಿನ ಪಟ್ಟಿ, ಕಿರಣಕ್ಕೆ ಅಂಟಿಸಿದ ಹುರಿ, ಲಂಬಕ್ಕೆ ಚುಕ್ಕೆಗಳ ಸಾಲು ಎಂದು ಗೊತ್ತುಮಾಡಿಕೊಂಡೆವು. ತಾಲ್ಲೂಕಿಗೆ ಬರುತ್ತಿದ್ದ ಸಂಪನ್ಮೂಲ ಶಿಕ್ಷಕರು ಇನ್ನೊಂದು ಮಾತು ಕಲಿಸಿದರು. ಮಗುವಿನ ಕೈ ಹಿಡಿದು ಎಳೆದುಕೊಂಡು ಹೋಗಿ ಚಿತ್ರದ ಮೇಲೆ ಇಡಬಾರದು. ನಮ್ಮ ಕೈ ಕೆಳಗಿರಬೇಕು, ಅವನ ಕೈ ನಮ್ಮ ಕೈಯ ಮೇಲಿರಬೇಕು. ಆಗ ಅವನು ಬೇಕಾದಾಗ ಕೈ ತೆಗೆಯಬಲ್ಲನು. ಪಕ್ಕದಲ್ಲಿ ಕೂಡುವ ಹುಡುಗರಿಗೆ ಇದನ್ನು ಕಲಿಸಲು ಒಂದು ವಾರ ಹಿಡಿಯಿತು. ಸಹಾಯ ಮಾಡುವ ಉತ್ಸಾಹದಲ್ಲಿ ಅವರು ಅವನ ಕೆಲಸವನ್ನೆಲ್ಲ ತಾವೇ ಮಾಡಿಬಿಡುತ್ತಿದ್ದರು.

ಚಿತ್ರ ಸಿಕ್ಕಿತು. ಆದರೆ ಚಿತ್ರ ನಿಯಮವನ್ನು ಹೇಳುತ್ತದೆಯೇ ಹೊರತು ಅದು ನಿಜವೆಂದು ತೋರಿಸುವುದಿಲ್ಲ. ಪತನ ಕೋನವೂ ಪ್ರತಿಫಲನ ಕೋನವೂ ಸಮ ಎಂದು ಹುರಿಯನ್ನು ಅಂಟಿಸಿದವನು ನಾನು. ಹುಡುಗನು ಅದನ್ನೇ ಕೇಳಿದನು: ‘ಸರ್, ನೀವು ಸಮ ಅಂಟಿಸೀರಿ, ಅದಕ್ಕ ಸಮ ಐತಿ. ಬೆಳಕು ಹಂಗ ಹೋಗತೈತಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ?’

ಮೊದಲು ಗುಂಡಿನಿಂದ ಆರಂಭಿಸಿದೆವು. ಪುಸ್ತಕಗಳಲ್ಲಿ ಗೋಡೆಗೆ ಬಡಿದು ಬರುವ ಚೆಂಡನ್ನು ಬೆಳಕಿಗೆ ಹೋಲಿಸುವುದು ವಾಡಿಕೆ. ಮೇಜಿನ ಮೇಲೆ ಒಂದು ಮರದ ಪಟ್ಟಿಯನ್ನು ಅಡ್ಡಲಾಗಿ ಬಿಗಿದು, ಅದರ ನಡುಬಿಂದುವಿನಿಂದ ಅರ್ಧವೃತ್ತ ಎಳೆದು, ಎಡಗಡೆ 40 ಡಿಗ್ರಿಯಲ್ಲಿ ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪೈಪನ್ನು ಇಳಿಜಾರಾಗಿ ಇಟ್ಟೆವು. ಬಲಗಡೆ 30 ಡಿಗ್ರಿಯಲ್ಲಿ ಬೆಂಕಿಪೊಟ್ಟಣ, 40ರಲ್ಲಿ ತಗಡಿನ ಡಬ್ಬಿ, 50ರಲ್ಲಿ ಸ್ಟೀಲ್ ಲೋಟ, 60ರಲ್ಲಿ ಮಣ್ಣಿನ ಹಣತೆ. ಪೈಪಿನಲ್ಲಿ ಸೈಕಲ್ಲಿನ ಬೇರಿಂಗ್ ಗುಂಡನ್ನು ಬಿಟ್ಟರೆ ಅದು ಪಟ್ಟಿಗೆ ಬಡಿದು ತಿರುಗಿ ಹೋಗಿ ಯಾವುದಕ್ಕೆ ತಾಕಿತೆಂಬುದು ಸದ್ದಿನಿಂದಲೇ ತಿಳಿಯುತ್ತಿತ್ತು. ಸಮಕೋನವಾದರೆ ಡಬ್ಬಿ ನುಡಿಯಬೇಕು. ಹುಡುಗನು ಗುಂಡು ಬಿಟ್ಟು ಕಿವಿಗೊಟ್ಟನು. ‘ಲೋಟಕ್ಕ ಬಡೀತ್ರಿ.’ ಮತ್ತೆ ಬಿಟ್ಟನು. ಮತ್ತೆ ಲೋಟ.

ಗುಂಡು ಬೆಳಕಿನ ನಿಯಮವನ್ನು ಪಾಲಿಸುವುದಿಲ್ಲ, ಅದಕ್ಕೆ ಕಾರಣವಿದೆ. ಗುಂಡಿನ ವೇಗವನ್ನು ಎರಡು ಪಾಲು ಮಾಡಿ ಯೋಚಿಸಬೇಕು: ಪಟ್ಟಿಯ ಉದ್ದಕ್ಕೆ ಸಾಗುವ ಪಾಲು ಒಂದು, ಪಟ್ಟಿಯ ಕಡೆಗೆ ನೆಟ್ಟಗೆ ನುಗ್ಗುವ ಪಾಲು ಇನ್ನೊಂದು. ಬಡಿದಾಗ ಮೊದಲನೆಯದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಎರಡನೆಯದರಲ್ಲಿ ಒಂದಿಷ್ಟನ್ನು ಮರ ನುಂಗುತ್ತದೆ. ನುಗ್ಗಿದ ವೇಗದ ಹತ್ತರಲ್ಲಿ ಏಳು ಪಾಲು ಮಾತ್ರ ಮರಳಿ ಬಂದಿತೆನ್ನಿ. 40 ಡಿಗ್ರಿಯಲ್ಲಿ ಬಂದ ಗುಂಡು ಲೆಕ್ಕದ ಪ್ರಕಾರ ಸುಮಾರು 50 ಡಿಗ್ರಿಯಲ್ಲಿ ಹೋಗುತ್ತದೆ. ಲೋಟ ನುಡಿದದ್ದು ಅದಕ್ಕೇ. ಮರದ ಪಟ್ಟಿಗೆ ಸೈಕಲ್ ಟ್ಯೂಬನ್ನು ಹೊದಿಸಿದರೆ ಕೋನ ಮತ್ತೆ ಬದಲಾಗುತ್ತದೆ. ಇದನ್ನೆಲ್ಲ ಮಾಡಿ ಮುಗಿಸಿದಾಗ ಹುಡುಗನು ಕೇಳಿದ ಪ್ರಶ್ನೆ ಇಡೀ ತರಗತಿಯನ್ನು ಸುಮ್ಮನಾಗಿಸಿತು: ‘ಹಂಗಾದ್ರ ಬೆಳಕೂ ಕನ್ನಡಿಗೆ ಬಡದು ಸ್ವಲ್ಪ ಸೋಲತೈತೇನ್ರಿ?’ ಕಣ್ಣಿರುವ ನಾಲ್ವತ್ತು ಮಕ್ಕಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅವರೆಲ್ಲರಿಗೂ ಚೆಂಡಿನ ಹೋಲಿಕೆ ಸಾಕಾಗಿತ್ತು.

ಇದಕ್ಕೆ ಬೆಳಕನ್ನೇ ಕೇಳಬೇಕು. ಮುಂಡರಗಿಯಲ್ಲಿ ರೇಡಿಯೊ ದುರಸ್ತಿ ಮಾಡುತ್ತಿದ್ದ ಒಬ್ಬ ಕುಶಲಿಗರ ಬಳಿಗೆ ಹೋದೆ. ಬೆಳಕು ಬಿದ್ದಷ್ಟೂ ವಿದ್ಯುತ್ತಿಗೆ ತಡೆ ಕಡಿಮೆ ಮಾಡುವ ಎಲ್‌ಡಿಆರ್ ಎಂಬ ಪುಟ್ಟ ಬಿಲ್ಲೆಯೊಂದು ಸಿಗುತ್ತದೆ. ಅದನ್ನು 555 ಎಂಬ ಅಗ್ಗದ ಐಸಿಗೆ ಜೋಡಿಸಿ, ಹಳೆಯ ರೇಡಿಯೊದ ಸ್ಪೀಕರನ್ನೂ 9 ವೋಲ್ಟಿನ ಬ್ಯಾಟರಿಯನ್ನೂ ಸೇರಿಸಿದರೆ ಬೆಳಕಿಗೆ ತಕ್ಕಂತೆ ಸ್ವರ ಏರಿಳಿಯುವ ಉಪಕರಣವಾಗುತ್ತದೆ. ಅದರ ಒಳಗುಟ್ಟು ಸರಳ. ಒಂದು ಕೆಪಾಸಿಟರು ಕೊಡದಂತೆ ತುಂಬುತ್ತ, ಬರಿದಾಗುತ್ತ ಇರುತ್ತದೆ. ತುಂಬಿ ಬರಿದಾದ ಪ್ರತಿ ಸಲವೂ ಸ್ಪೀಕರಿಗೆ ಒಂದು ತಟ್ಟು. ಎಲ್‌ಡಿಆರ್ ಆ ಕೊಡದ ನಲ್ಲಿ. ಬೆಳಕು ಹೆಚ್ಚಾದರೆ ನಲ್ಲಿ ಹೆಚ್ಚು ತೆರೆಯುತ್ತದೆ, ತಟ್ಟುಗಳು ದಟ್ಟವಾಗಿ ಸ್ವರ ಏರುತ್ತದೆ. ಸೂತ್ರ ಬೇಕೆನ್ನುವವರಿಗೆ:

f = 1.44 / ((R1 + 2 × R2) × C)

ನಾವು ಹಾಕಿದ್ದು R1 = 1 kΩ, C = 0.1 µF, R2 ಎಂಬುದೇ ಎಲ್‌ಡಿಆರ್. ಮಬ್ಬುಗತ್ತಲೆಯಲ್ಲಿ ಅದರ ತಡೆ 100 kΩ ಆದರೆ ಸೆಕೆಂಡಿಗೆ ಸುಮಾರು 70 ಕಂಪನ, ಅಂದರೆ ಗುರುಗುಟ್ಟುವ ಸದ್ದು. ಬ್ಯಾಟರಿಯ ಬೆಳಕು ಬಿದ್ದು ತಡೆ 5 kΩಗೆ ಇಳಿದರೆ 1300ರ ಆಸುಪಾಸು, ಕೊಳಲಿನಂಥ ಸ್ವರ. ಪೇಟಿಯ ಒಂದು ಮನೆಯಿಂದ ಮುಂದಿನ ಮನೆಗೆ ಕಂಪನದಲ್ಲಿ ಇರುವ ವ್ಯತ್ಯಾಸ ನೂರಕ್ಕೆ ಆರು. ಹುಡುಗನ ಕಿವಿ ಅದನ್ನು ಸುಲಭವಾಗಿ ಗುರುತಿಸುತ್ತಿತ್ತು. ಹೀಗಾಗಿ ಬೆಳಕು ಹತ್ತರಲ್ಲಿ ಒಂದು ಪಾಲು ಹೆಚ್ಚುಕಡಿಮೆಯಾದರೂ ಅವನಿಗೆ ಗೊತ್ತಾಗುತ್ತಿತ್ತು. ಸೋದರಮಾವನ ಪೇಟಿ ಇಲ್ಲಿ ಕೆಲಸಕ್ಕೆ ಬಂದಿತು.

ಉಪಕರಣ ಬಂದ ದಿನ ಅದನ್ನು ತರಗತಿಯಲ್ಲಿ ಹಚ್ಚಿದರೆ ಒಂದೇ ಸಮನೆ ಚೀರಿತು. ಯಾವ ಕಡೆ ತಿರುಗಿಸಿದರೂ ಅದೇ ಚೀರು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಕಿಟಕಿಯಿಂದ ಬರುವ ಬೆಳಕೇ ಎಲ್‌ಡಿಆರನ್ನು ತುಂಬಿಬಿಟ್ಟಿತ್ತು. ಸ್ವರ ಎಲ್ಲೆಡೆ ಒಂದೇ ಎತ್ತರದಲ್ಲಿ ನಿಂತಿದ್ದರೆ ಬೆಳಕು ಅತಿಯಾಗಿದೆ ಎಂದು ತಿಳಿಯಬೇಕು. ಕೋಣೆಯ ಕಿಟಕಿಗಳಿಗೆ ಮಕ್ಕಳ ಮನೆಗಳಿಂದ ತಂದ ಕೌದಿಗಳನ್ನು ಕಟ್ಟಿದೆವು. ಎಲ್‌ಡಿಆರಿಗೆ ಬೆರಳುದ್ದದ ಕರಿಕಾಗದದ ಕೊಳವೆ ತೊಡಿಸಿದೆವು. ಆಗ ಅದು ತನ್ನ ಎದುರಿನ ಬೆಳಕನ್ನು ಮಾತ್ರ ಕೇಳತೊಡಗಿತು.

ಪ್ರಯೋಗ ಹೀಗೆ. ಹಲಗೆಯ ಅಂಚಿನಲ್ಲಿ ಕನ್ನಡಿಯ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮುಂದೆ 20 ಸೆಂಟಿಮೀಟರ್ ತ್ರಿಜ್ಯದ ರಟ್ಟಿನ ಅರ್ಧವೃತ್ತ. ಅದರ ಅಂಚಿಗೆ ಐದೈದು ಡಿಗ್ರಿಗೆ ಒಂದು ಕಚ್ಚು, ಹತ್ತಕ್ಕೆ ಆಳವಾದ ಕಚ್ಚು, ಲಂಬದ ಜಾಗದಲ್ಲಿ ಒಂದು ಗುಂಡುಸೂಜಿ. ಈ ಅಳತೆಯಲ್ಲಿ ಒಂದು ಡಿಗ್ರಿ ಎಂದರೆ ಅಂಚಿನ ಮೇಲೆ ಮೂರೂವರೆ ಮಿಲಿಮೀಟರ್, ಬೆರಳಿಗೆ ಸಿಗುವಷ್ಟು. ಎಡಗಡೆ ಬ್ಯಾಟರಿಯ ಮುಖಕ್ಕೆ ಸಣ್ಣ ಸೀಳು ಬಿಟ್ಟ ಕರಿಕಾಗದ ಅಂಟಿಸಿ, ಅದನ್ನು ಗೊತ್ತಾದ ಕಚ್ಚಿನಲ್ಲಿಟ್ಟು ಕನ್ನಡಿಯ ನಡುಬಿಂದುವಿನ ಕಡೆಗೆ ತಿರುಗಿಸುವುದು. ಬ್ಯಾಟರಿಯ ಬೆಳಕು ನೇರವಾಗಿ ಬಲಗಡೆಗೆ ಸೋರಬಾರದೆಂದು ಲಂಬದ ಗುಂಟ ಒಂದು ಕರಿರಟ್ಟಿನ ಗೋಡೆ, ಕನ್ನಡಿಯ ಬಳಿ ಸ್ವಲ್ಪ ಸಂದು ಬಿಟ್ಟು. ಇನ್ನು ಹುಡುಗನು ಎಡಗೈಯ ಬೆರಳಿನಿಂದ ಕಚ್ಚುಗಳನ್ನು ಎಣಿಸುತ್ತ, ಬಲಗೈಯಲ್ಲಿ ಕೊಳವೆಯನ್ನು ಕನ್ನಡಿಯ ನಡುಬಿಂದುವಿಗೆ ಮುಖಮಾಡಿ ಹಿಡಿದು, ಅಂಚಿನ ಗುಂಟ ಸರಿಸುತ್ತ ಹೋಗಬೇಕು.

ಸ್ವರ ಗುರುಗುಟ್ಟುತ್ತ ಇದ್ದದ್ದು ಒಂದು ಕಡೆ ತಟ್ಟನೆ ಏರಿತು, ತುಸು ದೂರ ಏರಿಯೇ ಇದ್ದು ಮತ್ತೆ ಇಳಿಯಿತು. ಸೀಳಿನಿಂದ ಬಂದ ಬೆಳಕು ಹರಡಿಕೊಳ್ಳುವುದರಿಂದ ಏರಿದ ಜಾಗ ಒಂದು ಬಿಂದುವಲ್ಲ, ಬೆರಳಿನಗಲದ ಪಟ್ಟೆ. ಅದಕ್ಕೆ ಅವನೇ ಒಂದು ಉಪಾಯ ಕಂಡುಕೊಂಡನು: ಸ್ವರ ಏರುವ ಅಂಚು ಒಂದು, ಇಳಿಯುವ ಅಂಚು ಇನ್ನೊಂದು, ಎರಡರ ನಡುವೆ ಉತ್ತರ. ಇಲ್ಲಿಯೂ ಒಂದು ತೊಡಕು ಇತ್ತು. ಎಲ್‌ಡಿಆರ್ ನಿಧಾನಗತಿಯದು, ಬೆಳಕಿನಿಂದ ಕತ್ತಲಿಗೆ ಬಂದ ಮೇಲೆಯೂ ಕ್ಷಣಕಾಲ ಹಳೆಯ ಸ್ವರವನ್ನೇ ಎಳೆಯುತ್ತದೆ. ಬೇಗ ಸರಿಸಿದರೆ ಇಳಿಯುವ ಅಂಚು ಮುಂದಕ್ಕೆ ಜಾರಿದಂತೆ ಕೇಳುತ್ತದೆ. ಲಂಬದ ಕಡೆಯಿಂದ ಹೋದಾಗ ಒಂದು ಉತ್ತರ, ತಿರುಗಿ ಬಂದಾಗ ಇನ್ನೊಂದು ಉತ್ತರ ಸಿಕ್ಕರೆ ಸರಿಸುವ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಕಚ್ಚಿಗೊಮ್ಮೆ ನಿಂತು, ಮನಸ್ಸಿನಲ್ಲಿ ಎರಡು ಎಣಿಸಿ, ಮುಂದೆ ಹೋಗುವುದು ರೂಢಿಯಾಯಿತು.

ಬ್ಯಾಟರಿಯನ್ನು 40 ಡಿಗ್ರಿಯಲ್ಲಿಟ್ಟಾಗ ಅವನಿಗೆ ಅಂಚುಗಳು 37ರ ಬಳಿ ಮತ್ತು 44ರ ಬಳಿ ಸಿಕ್ಕವು, ನಡು ನಲ್ವತ್ತೂವರೆ. 20ರಲ್ಲಿಟ್ಟಾಗ ನಡು 20 ಬಂದಿತು. 60ರಲ್ಲಿ ಅಂಚುಗಳು 55 ಮತ್ತು 66, ನಡು ಅರವತ್ತೂವರೆ. ಕಚ್ಚುಗಳ ನಡುವಿನ ಅಂದಾಜು ಬೆರಳಿನದು. ಎರಡು ಮೂರು ಡಿಗ್ರಿಯ ವ್ಯತ್ಯಾಸವನ್ನು ಈ ಪ್ರಯೋಗದಲ್ಲಿ ಒಪ್ಪಿಕೊಳ್ಳಬೇಕು. ಆದರೆ ಗುಂಡು ಹೋದದ್ದು 50ಕ್ಕೆ. ಹತ್ತು ಡಿಗ್ರಿಯ ವ್ಯತ್ಯಾಸ ಬೆರಳಿನ ತಪ್ಪಿನಲ್ಲಿ ಮುಚ್ಚಿಹೋಗುವಂಥದಲ್ಲ. ‘ಬೆಳಕು ಸೋಲಂಗಿಲ್ರಿ’ ಎಂದನು. ನಾನು ತುಸು ತಿದ್ದಬೇಕಾಯಿತು: ಕನ್ನಡಿ ಬೆಳಕಿನ ಒಂದಿಷ್ಟು ಪಾಲನ್ನು ನುಂಗುತ್ತದೆ, ಅದನ್ನು ಸ್ವರದಿಂದಲೇ ಕೇಳಬಹುದು, ಆದರೆ ಉಳಿದು ಬಂದ ಬೆಳಕಿನ ವೇಗ ಕಡಿಮೆಯಾಗುವುದಿಲ್ಲ, ಆದುದರಿಂದ ಕೋನ ಕೆಡುವುದಿಲ್ಲ. ಅವನು ಬ್ಯಾಟರಿಯ ಬೆಳಕನ್ನು ಅಷ್ಟೇ ದೂರದಿಂದ ನೇರವಾಗಿ ಕೇಳಿ, ಆಮೇಲೆ ಕನ್ನಡಿಯಿಂದ ಬಂದದ್ದನ್ನು ಕೇಳಿ, ‘ಎರಡು ಮನಿ ಕೆಳಗ ಐತ್ರಿ’ ಎಂದು ಪೇಟಿಯ ಭಾಷೆಯಲ್ಲಿ ಹೇಳಿದನು.

ಆ ಕತ್ತಲೆಯಲ್ಲಿ ಉಳಿದ ಹುಡುಗರಿಗೆ ಕಚ್ಚುಗಳು ಕಾಣಿಸುತ್ತಿರಲಿಲ್ಲ. ತಮ್ಮ ಸರದಿ ಬಂದಾಗ ಕೊಳವೆ ಹಿಡಿದು ಸ್ವರ ಕೇಳುತ್ತಿದ್ದರು, ಎಷ್ಟು ಡಿಗ್ರಿಯೆಂದು ಓದಿ ಹೇಳಲು ಅವನನ್ನು ಕರೆಯುತ್ತಿದ್ದರು.

ಇಷ್ಟಾದ ಮೇಲೆ ಕನ್ನಡಿಯೊಳಗಿನ ಬಿಂಬದ ವಿಷಯ. ಇದು ನಿಜವಾಗಿ ಕಷ್ಟದ್ದು, ಏಕೆಂದರೆ ಬಿಂಬವಿರುವ ಜಾಗದಲ್ಲಿ ಬೆಳಕೇ ಇಲ್ಲ. ಕನ್ನಡಿಯ ಹಿಂದೆ ಕೊಳವೆ ಹಿಡಿದರೆ ಗುರುಗುಟ್ಟುವಿಕೆ ಬಿಟ್ಟು ಇನ್ನೇನೂ ಕೇಳುವುದಿಲ್ಲ. ಅವನು ಹಾಗೆಯೇ ಹಿಡಿದು ನೋಡಿ, ‘ಇಲ್ಲಿ ಏನೂ ಇಲ್ಲಲ್ರಿ’ ಎಂದನು. ಅದೇ ಮಿಥ್ಯಾಬಿಂಬದ ಸರಿಯಾದ ವಿವರಣೆ. ಉಳಿದದ್ದನ್ನು ಹುರಿಯಿಂದ ಮಾಡಿದೆವು. ಕನ್ನಡಿಯ ಮುಂದೆ 12 ಸೆಂಟಿಮೀಟರ್ ದೂರದಲ್ಲಿ ಒಂದು ಗುಂಡುಸೂಜಿ. ಅಲ್ಲಿಂದ ಎರಡು ಹುರಿಗಳು ಕನ್ನಡಿಯ ಎರಡು ಕಡೆಗೆ ತಾಕಿ, ಸಮಕೋನದಲ್ಲಿ ತಿರುಗಿ ಬರುವಂತೆ ಬಿಗಿದೆವು. ಆಮೇಲೆ ಕನ್ನಡಿ ತೆಗೆದು ಅದರ ಜಾಗದಲ್ಲಿ ತೆಳುಪಟ್ಟಿ ಇಟ್ಟು, ತಿರುಗಿ ಬಂದ ಹುರಿಗಳ ನೇರವನ್ನು ಹಿಂದಕ್ಕೆ ಬೇರೆ ಹುರಿಗಳಿಂದ ಮುಂದುವರಿಸಿದೆವು. ಅವು ಹಿಂದೆ ಒಂದು ಕಡೆ ಕೂಡಿದವು. ಗೇಣು ಹಾಕಿ ನೋಡಿದನು, ಆಮೇಲೆ ಕಚ್ಚು ಕೊರೆದ ಅಳತೆಪಟ್ಟಿ ಇಟ್ಟು ನೋಡಿದನು: 12 ಸೆಂಟಿಮೀಟರ್. ಬೆಳಕು ಅಲ್ಲಿಂದ ಬಂದದ್ದಲ್ಲ, ಅಲ್ಲಿಂದ ಬಂದಂತೆ ಬರುತ್ತದೆ ಎಂಬುದು ಅವನ ಬೆರಳಿಗೆ ಸಿಕ್ಕಿತು.

ಬಿಂಬದಲ್ಲಿ ಎಡಬಲ ಅದಲುಬದಲಾಗುತ್ತದೆಂಬುದನ್ನು ಅವನಿಗೆ ಕಲಿಸಬೇಕಾಗಲಿಲ್ಲ. ಬ್ರೈಲ್ ಬರೆಯುವವರನ್ನು ನೀವು ನೋಡಿದ್ದೀರೋ ಇಲ್ಲವೋ. ಹಾಳೆಯನ್ನು ಸ್ಲೇಟಿನಲ್ಲಿ ಸಿಕ್ಕಿಸಿ, ಮೊನೆಯ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗುತ್ತಾರೆ. ಉಬ್ಬು ಹಿಂಬದಿಯಲ್ಲಿ ಏಳುತ್ತದೆ. ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತಾರೆ. ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಾಣುವಂತೆಯೇ ಚುಚ್ಚಬೇಕು. ಭಾರತಿ ಬ್ರೈಲಿನಲ್ಲಿ ‘ಹ’ ಅಕ್ಷರಕ್ಕೆ 1, 2, 5ನೆಯ ಚುಕ್ಕೆಗಳು. ಅದನ್ನು ಎಡಬಲ ತಿರುಗಿಸಿದರೆ 2, 4, 5 ಆಗುತ್ತದೆ, ಅದು ‘ಜ’. ಹಾಗೆಯೇ ‘ಇ’ ತಿರುಗಿದರೆ ‘ಏ’. ಅವನು ರಟ್ಟಿನ ಮೇಲೆ ಗುಂಡುಸೂಜಿಗಳಿಂದ ದೊಡ್ಡದಾಗಿ ‘ಹ’ ಚುಚ್ಚಿ ಕನ್ನಡಿಯ ಮುಂದೆ ಹಿಡಿದನು. ಯಾವ ಯಾವ ಚುಕ್ಕೆ ಕಾಣುತ್ತದೆಂದು ಪಕ್ಕದ ಹುಡುಗನು ಹೇಳಿದನು. ಇವನು, ‘ಅದು ಜ. ಕನ್ನಡಿ ಬರಿಯೂ ಕಡಿಂದ ಓದತೈತಿ’ ಎಂದನು. ಎಡಬಲ ಪಲ್ಲಟದ ಇಷ್ಟು ಚೊಕ್ಕ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಏಳೆಂಟು ವರ್ಷಗಳಿಂದ ದಿನವೂ ಅವನು ಕೈಯಿಂದ ಮಾಡುತ್ತ ಬಂದದ್ದೇ ಅದಾಗಿತ್ತು. ಬಿಂಬ ನೋಡಲು ಹೇಗಿರುತ್ತದೆ ಎಂಬುದನ್ನು ಮಾತ್ರ ಈ ಯಾವ ಉಪಾಯದಿಂದಲೂ ತಿಳಿಸಲಾಗುವುದಿಲ್ಲ, ತಿಳಿಸಿದೆನೆಂದು ಹೇಳುವುದೂ ಇಲ್ಲ.

ಆ ತಿಂಗಳ ಕೊನೆಗೆ ತಂದೆ ಬಂದಾಗ ಹುಡುಗನು ಅವರನ್ನು ಕತ್ತಲೆಕೋಣೆಗೆ ಕರೆದೊಯ್ದು, ‘ಅಪ್ಪಾ, ಬ್ಯಾಟರಿ ಎಲ್ಲೆರ ಇಡು’ ಎಂದು, ಬೆಳಕು ಎಲ್ಲಿಂದ ಹೊರಬೀಳುತ್ತದೆಂಬುದನ್ನು ಮೊದಲೇ ಕಚ್ಚಿನ ಮೇಲೆ ಬೆರಳಿಟ್ಟು ತೋರಿಸಿದನು. ಅವರು ಮೂರು ಸಲ ಜಾಗ ಬದಲಿಸಿ ನೋಡಿ, ಏನೂ ಮಾತನಾಡದೆ ಹೋದರು. ವಿಜ್ಞಾನ ಬಿಡಿಸುವ ಮಾತು ಮತ್ತೆ ಬರಲಿಲ್ಲ. 2010ರಲ್ಲಿ ಅವನು ವಿಜ್ಞಾನವನ್ನೇ ಬರೆದನು. ಪರೀಕ್ಷೆಗೆ ಇನ್ನೊಂದು ಅಭ್ಯಾಸ ಬೇಕಾಯಿತು: ಲಿಪಿಕಾರನಿಗೆ ಚಿತ್ರವನ್ನು ಮಾತಿನಲ್ಲಿ ಬರೆಯಿಸುವುದು. ‘ಹಾಳೆಯ ಕೆಳಗೆ ಅಡ್ಡಗೆರೆ ಎಳೆ, ನಡುವಿನಿಂದ ಮೇಲಕ್ಕೆ ನೆಟ್ಟಗೆ ಚುಕ್ಕೆಗೆರೆ, ಅದರ ಎಡಕ್ಕೆ 40 ಡಿಗ್ರಿ...’ ಎಂದು, ಬರೆಯುವವನಿಗೆ ವಿಷಯ ತಿಳಿಯದಿದ್ದರೂ ಚಿತ್ರ ಸರಿಬರುವಂತೆ ಹೇಳಬೇಕು. ತರಗತಿಯ ಹುಡುಗರನ್ನೇ ಲಿಪಿಕಾರರನ್ನಾಗಿ ಕೂಡಿಸಿ ಇದನ್ನು ಬಹಳ ಸಲ ಮಾಡಿಸಿದೆವು.

ಹೊರದೇಶಗಳಲ್ಲಿ ಇಂಥ ಉಪಕರಣಗಳು ಇನ್ನೂ ಮುಂದೆ ಹೋಗಿವೆ. ಅಮೆರಿಕದ ಕ್ಯಾರಿ ಸುಪಾಲೊ ಎಂಬ ಅಂಧ ರಸಾಯನಶಾಸ್ತ್ರಜ್ಞರು ಸಂಗಡಿಗರೊಂದಿಗೆ, ಪ್ರನಾಳದೊಳಗಿನ ದ್ರವದಲ್ಲಿಯೇ ಮುಳುಗಿಸಿ ಬೆಳಕಿನ ಬದಲಾವಣೆಯನ್ನು ಸ್ವರವಾಗಿ ಕೇಳುವ ಸಾಧನವನ್ನು ಮಾಡಿದರು. ದ್ರವದ ಬಣ್ಣ ಬದಲಾದರೆ, ಗಸಿ ಎದ್ದರೆ ಸ್ವರ ಬದಲಾಗುತ್ತದೆ. ಈಗ ಮೊಬೈಲುಗಳಲ್ಲಿಯೂ ಬೆಳಕಿಗೆ ಸ್ವರ ಕೊಡುವ ಆ್ಯಪ್‌ಗಳು ಬಂದಿವೆ. ಅವುಗಳನ್ನು ಬಳಸುವ ಶಿಕ್ಷಕರಿಗೆ ಒಂದು ಮಾತು: ಫೋನಿನ ಕಣ್ಣು ಅಗಲವಾದುದು, ಸುತ್ತಲಿನ ಬೆಳಕನ್ನೆಲ್ಲ ಸೇರಿಸಿಕೊಳ್ಳುತ್ತದೆ. ಕರಿಕಾಗದದ ಕೊಳವೆ ಅದಕ್ಕೂ ಬೇಕು.

ಬಣ್ಣದ ವಿಷಯ ಉಳಿಯಿತು. ನಮ್ಮ ಉಪಕರಣಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಬ್ಯಾಟರಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿದರೆ ಸ್ವರ ಇಳಿಯುತ್ತದೆ. ಬಿಳಿಯ ಬೆಳಕನ್ನೇ ದೂರ ಸರಿಸಿದರೂ ಅಷ್ಟೇ ಇಳಿಯುತ್ತದೆ. ‘ಇದು ಕೆಂಪೋ, ಮಂದ ಆದ ಬಿಳಿಯೋ, ಹೆಂಗ ತಿಳಿಯೂದ್ರಿ?’ ಎಂದು ಕೇಳಿದವನೂ ಅವನೇ. ಅದಕ್ಕೆ ದಾರಿಯೆಂದರೆ ಕೊಳವೆಯ ಬಾಯಿಗೆ ಒಮ್ಮೆ ಕೆಂಪು ಹಾಳೆ, ಒಮ್ಮೆ ನೀಲಿ ಹಾಳೆ ಹಿಡಿದು ಎರಡು ಸಲ ಕೇಳುವುದು. ಕೆಂಪು ಬೆಳಕಾದರೆ ಕೆಂಪು ಹಾಳೆಯಲ್ಲಿ ಸ್ವರ ಹೆಚ್ಚು ಇಳಿಯುವುದಿಲ್ಲ, ನೀಲಿಯಲ್ಲಿ ಬಹಳ ಇಳಿಯುತ್ತದೆ. ಎಲ್‌ಡಿಆರಿಗೆ ಹಸಿರಿನ ಆಸುಪಾಸಿನ ಬೆಳಕು ಹೆಚ್ಚು ಪ್ರಿಯವಾದುದರಿಂದ, ಮೊದಲು ಬಿಳಿಯ ಬೆಳಕಿನಲ್ಲಿ ಎರಡೂ ಹಾಳೆಗಳ ಸ್ವರ ಎಷ್ಟೆಷ್ಟು ಇಳಿಯುತ್ತದೆಂದು ಕೇಳಿಟ್ಟುಕೊಂಡು ಅದಕ್ಕೆ ಹೋಲಿಸಬೇಕು. ಅವನು ಒಂದು ವಾರ ಮಧ್ಯಾಹ್ನದ ಬಿಡುವಿನಲ್ಲಿ ಇದನ್ನೇ ಮಾಡಿದನು. ಸಹಪಾಠಿಗಳು ಒಂದೊಂದು ಬಣ್ಣದ ಹಾಳೆಯನ್ನು ಬ್ಯಾಟರಿಗೆ ಸುತ್ತಿ ಕೊಡುವರು, ಅವನು ಎರಡು ಸ್ವರಗಳನ್ನು ಕೇಳಿ ಬ್ರೈಲಿನಲ್ಲಿ ಪಟ್ಟಿ ಚುಚ್ಚುವನು. ಕೆಂಪು, ನೀಲಿ, ಬಿಳಿ ಸರಿಯಾಗಿ ಹೇಳಿದನು. ಹಸಿರು ಸುತ್ತಿ ಕೊಟ್ಟಾಗ ಎರಡು ಹಾಳೆಗಳಲ್ಲಿಯೂ ಸ್ವರ ಬಹಳ ಕೆಳಗೆ ಹೋಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ಎರಡು ಹಾಳಿ ಸಾಲೂದಿಲ್ರಿ, ಇನ್ನೊಂದು ಬೇಕು’ ಎಂದನು. ಮನುಷ್ಯನ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಬಗೆ ಎಂಬುದನ್ನು ನಾನು ಅವನಿಗೆ ಹೇಳಿದ್ದು ಅದಾದ ಮೇಲೆ.